‘ಅಯ್ಯೋ, ಅದೇನಿಲ್ಲ ಬಿಡಿ’ ಅನ್ನೋ ಮುಂಚೆ: ಮೆಚ್ಚುಗೆ ಹೇಳೋದು ಹೇಗೆ, ತಗೊಳ್ಳೋದು ಹೇಗೆ?

ಎಂಜಿನಿಯರಿಂಗ್ ಮುಗಿಸಿ ಪತ್ರಿಕೋದ್ಯಮಕ್ಕೆ ಬಂದ ಹೊಸತು. ಟೊಮೆಟೊ ಬೆಳೆಗಾರರ ಬಗ್ಗೆ ವರದಿ ಮಾಡಲು ಕೋಲಾರ ತಾಲ್ಲೂಕಿನ ನರಸಾಪುರದ ಕಡೆ ಹೋಗಿದ್ದೆ. ಒಂದು ತೋಟದ ಬದುವಿನ ಮೇಲೆ ನಿಂತು, ಮಾತು ಶುರು ಮಾಡೋಕೆ ಅಂತ, “ಅಣ್ಣಾ, ಬೆಳೆ ಸಖತ್ತಾಗಿ ಬಂದೈತೆ, ಈ ಸಲ ಒಳ್ಳೇ ದುಡ್ಡು ಬಿಡಿ” ಅಂದೆ. ಆ ರೈತರು ನಗಲಿಲ್ಲ. “ಏನೋ, ನೋಡ್ಬೇಕು” ಅಂದು ಕೆಲಸಕ್ಕೆ ತಿರುಗಿದರು. ತೋಟದ ನಡುವೆ ನಿಲ್ಲಿಸಿದ್ದ ದೃಷ್ಟಿಗೊಂಬೆ ನನ್ನ ಕಣ್ಣಿಗೆ ಬಿದ್ದದ್ದು ಆಮೇಲೆ.

ಮೆಚ್ಚುಗೆ ಸುಳ್ಳಾಗಿರಲಿಲ್ಲ, ಆದರೆ ವಿಷಯದ ಆಯ್ಕೆ ತಪ್ಪಿತ್ತು. ನಾನು ಹೊಗಳಿದ್ದು ಇನ್ನೂ ಕೈಗೆ ಬಾರದ ಫಸಲನ್ನು. ಅದರ ಬೆಲೆ ಮಂಡಿಯಲ್ಲಿ ತೀರ್ಮಾನ ಆಗೋದು, ಅವರ ಕೈಯಲ್ಲಿಲ್ಲ. ಜೊತೆಗೆ ನಮ್ಮಲ್ಲಿ ಬೆಳೆ, ಹಸುವಿನ ಹಾಲು, ಮಗುವಿನ ಮೈಕಟ್ಟು, ಇವನ್ನು ಹೊರಗಿನವರು ಬಾಯಿಬಿಟ್ಟು ಹೊಗಳಿದರೆ ಕಣ್ಣು ಬೀಳುತ್ತೆ ಅನ್ನೋ ಅಳುಕು ಇದೆ. ನಾವು ನಂಬ್ತೀವೋ ಇಲ್ಲವೋ ಬೇರೆ ಮಾತು, ಕೇಳುವವರಿಗೆ ಇರಿಸುಮುರುಸು ಆಗೋದು ನಿಜ.

ಮುಂದಿನ ತೋಟದಲ್ಲಿ ಮೊದಲು ಸುಮ್ಮನೆ ನೋಡಿದೆ. ನೀಲಗಿರಿ ಕೋಲುಗಳು ಸಾಲಾಗಿ ನೆಟ್ಟಗೆ ನಿಂತಿದ್ದವು. ಗಿಡಗಳನ್ನು ದಾರದಿಂದ ಎತ್ತಿ ಕಟ್ಟಿದ್ದರು. “ಅಮ್ಮಾ, ಎಷ್ಟು ಚೆನ್ನಾಗಿ ಕಟ್ಟಿದೀರ, ಒಂದು ಹಣ್ಣೂ ನೆಲ ಮುಟ್ಟಿಲ್ಲ. ದಾರ ಯಾರು ಕಟ್ಟಿದ್ದು?” ಅಂದೆ. “ನಾನೂ ನಮ್ಮ ಸೊಸೇನೂ ಕಣಪ್ಪ” ಅಂದವರು, ಹಣ್ಣು ನೆಲಕ್ಕೆ ತಾಗಿದರೆ ಹೇಗೆ ಕೊಳೆಯುತ್ತೆ ಅಂತ ತೋರಿಸುತ್ತಾ ಸಾಲಿನುದ್ದಕ್ಕೂ ನನ್ನನ್ನು ಕರೆದುಕೊಂಡು ಹೋದರು.

ಎರಡು ಮಾತಿಗೂ ಇರುವ ವ್ಯತ್ಯಾಸ ನೋಡಿ. ಎರಡನೆಯದು ಅವರ ಕೈಕೆಲಸದ ಬಗ್ಗೆ, ನಾನು ಕಣ್ಣಾರೆ ಕಂಡಷ್ಟೇ. ಕೊನೆಗೊಂದು ಸುಲಭದ ಪ್ರಶ್ನೆ ಇತ್ತು, ಹಾಗಾಗಿ ಹೊಗಳಿಕೆಗೆ ಏನನ್ನಬೇಕು ಅಂತ ಅವರು ತಡವರಿಸಬೇಕಾಗಿರಲಿಲ್ಲ. ಒಂದು ಸಲ ಹೇಳಿ ನಿಲ್ಲಿಸಬೇಕು. ಅದೇ ಉಸಿರಿನಲ್ಲಿ “ಒಂದು ಫೋಟೊ ತಗೊಳ್ಳಲಾ?” ಅಂದಿದ್ದರೆ ಮೆಚ್ಚುಗೆ ಲಂಚದಂತೆ ಕೇಳಿಸುತ್ತಿತ್ತು.

ಹೇಳೋಕೇ ಹಿಂಜರಿಯುವವರೂ ಇದ್ದಾರೆ. ಎರಿಕಾ ಬೂತ್‌ಬಿ ಮತ್ತು ವನೆಸ್ಸಾ ಬಾನ್ಸ್ ಎಂಬ ಮನಶ್ಶಾಸ್ತ್ರಜ್ಞರು ಅಪರಿಚಿತರಿಗೆ ಸಣ್ಣ ಮೆಚ್ಚುಗೆ ಹೇಳಿಸಿ ನಡೆಸಿದ ಪ್ರಯೋಗಗಳು 2021ರಲ್ಲಿ ಪ್ರಕಟವಾದವು. ಕೇಳಿದವರಿಗೆ ಎಷ್ಟು ಖುಷಿ ಆಗುತ್ತೆ ಅನ್ನೋದನ್ನು ಹೇಳಿದವರು ಕಡಿಮೆ ಅಂದಾಜಿಸಿದ್ದರು, ಮುಜುಗರವನ್ನು ಮಾತ್ರ ಹೆಚ್ಚು. ಆದರೆ ಇದನ್ನು ಎಲ್ಲ ಕಡೆಗೂ ಪರವಾನಗಿ ಅಂದುಕೊಳ್ಳಬೇಡಿ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಹೆಣ್ಣುಮಗಳಿಗೆ, ಗುರುತಿಲ್ಲದ ಗಂಡಸು ಅವಳ ರೂಪದ ಬಗ್ಗೆ ಹೇಳುವ ‘ಒಳ್ಳೇ ಮಾತು’ ಮೆಚ್ಚುಗೆ ಅಲ್ಲ, ಕಾಟ. ಎದುರಿನವರು ಎದ್ದು ಹೋಗಲಾಗದ ಜಾಗದಲ್ಲಿ ಸುಮ್ಮನಿರೋದೇ ಸರಿ. ಒಂದೇ ಪದದಲ್ಲಿ ಉತ್ತರಿಸಿ ಮುಖ ತಿರುಗಿಸಿದರೆ ಮಾತು ಅಲ್ಲಿಗೇ ಮುಗೀತು.

ಇನ್ನು ತಗೊಳ್ಳುವ ಪಾಠ. ಆ ದಿನ ಹೊರಡುವಾಗ ಆಕೆ, “ಹೇಳಿದ್ದನ್ನೆಲ್ಲ ಬರ್ಕೊಂಡೆ ನೋಡು, ಮುಂಚೆ ಬಂದೋರು ಯಾರೂ ಬರ್ಕೊಳ್ಳಿಲ್ಲ” ಅಂದರು. ನಾನು, “ಅಯ್ಯೋ, ಅದೇನಿಲ್ಲ ಬಿಡಿ, ನಂಗೆ ಮರೆವು ಜಾಸ್ತಿ ಅಷ್ಟೇ” ಅಂದೆ. ಅವರ ಮುಖ ಸಪ್ಪಗಾಯಿತು. ವಿನಯ ಅಂತ ನಾನು ಆಡಿದ ಮಾತು, ನೀವು ನೋಡಿದ್ದು ತಪ್ಪು ಅಂತ ಅವರಿಗೆ ಕೇಳಿಸಿತ್ತು.

ಈ ಇಕ್ಕಟ್ಟನ್ನು ಸಂಭಾಷಣೆಯ ಅಧ್ಯಯನಕಾರ್ತಿ ಅನಿಟಾ ಪೊಮೆರಂಟ್ಜ್ 1978ರಲ್ಲೇ ವಿವರಿಸಿದ್ದರು: ಹೇಳಿದವರ ಮಾತನ್ನು ಒಪ್ಪಬೇಕು, ತನ್ನನ್ನು ತಾನು ಹೊಗಳಿಕೊಳ್ಳಲೂಬಾರದು. ಎರಡೂ ಒಟ್ಟಿಗೆ ಎಳೆಯುವುದರಿಂದ ನಾವು “ಹಳೇ ಸೀರೆ ಕಣೇ” ಅಂತ ತಳ್ಳಿಹಾಕ್ತೀವಿ, ಇಲ್ಲವೇ “ನಿಂದೂ ಚೆನ್ನಾಗೈತೆ” ಅಂತ ಹಿಂದಿರುಗಿಸ್ತೀವಿ. ಪಾರಾಗಲು ಸುಲಭದ ದಾರಿ ಇದೆ. ಮೊದಲು ಖುಷಿಯನ್ನು ಒಪ್ಪಿಕೊಳ್ಳಿ, ಆಮೇಲೆ ಅದರ ಹಿಂದಿನ ಒಂದು ನಿಜ ಸಂಗತಿ ಸೇರಿಸಿ. ‘ಧನ್ಯವಾದ’ ವೇದಿಕೆಯ ಮಾತಿನ ಹಾಗೆ ಅನಿಸಿದರೆ “ಖುಷಿ ಆಯ್ತು” ಸಾಕು.

ಎರಡನೇ ಸಲ ಹೋದಾಗ ಆಕೆ ಮತ್ತೆ ನೋಟ್‌ಬುಕ್ಕಿನ ಮಾತೆತ್ತಿದರು. “ಖುಷಿ ಆಯ್ತಮ್ಮ. ತಪ್ಪು ಬರೆದ್ರೆ ನಿಮಗೇ ತೊಂದ್ರೆ ಅಲ್ವಾ, ಅದಕ್ಕೇ ಬರ್ಕೋತೀನಿ” ಅಂದೆ. ಅವರು ಒಂದು ಕ್ಷಣ ಯೋಚಿಸಿ, “ಹಂಗಾದ್ರೆ ಇದೂ ಬರ್ಕೋ” ಅಂದು, ಕೋಲು-ದಾರಕ್ಕೆ ಮಾಡಿದ ಸಾಲದ ಲೆಕ್ಕ ಶುರು ಮಾಡಿದರು.