ಗೇಟಿನ ತಪಾಸಣೆ, ಹಾಳೆಯ ಸಾಕ್ಷಿ

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಅಣ್ಣನ ಮಗಳನ್ನು ಸಿಇಟಿ ಬರೆಸಲು ಕರೆದುಕೊಂಡು ಹೋಗಿದ್ದೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಅಲ್ಲಿಂದ ತುಮಕೂರಿನ ಕಡೆಗಿದ್ದ ಪರೀಕ್ಷಾ ಕೇಂದ್ರದ ಗೇಟಿಗೆ ತಲುಪಿದಾಗ ಸಾಲು ಆಗಲೇ ರಸ್ತೆಗೆ ಬಂದಿತ್ತು. ಪ್ರವೇಶಪತ್ರದ ಫೋಟೋ, ಗುರುತಿನ ಚೀಟಿಯ ಫೋಟೋ, ಎದುರಿಗಿದ್ದ ಮುಖ ಮೂರನ್ನೂ ನೋಡಿ ಅವಳನ್ನು ಮುಂದಕ್ಕೆ ಬಿಟ್ಟರು. ಎರಡೇ ಹೆಜ್ಜೆಗೆ ಮತ್ತೆ ನಿಲ್ಲಿಸಿ ಕಿವಿಯೋಲೆ, ಕೈಗಡಿಯಾರ ತೆಗೆಯಲು ಹೇಳಿದರು. ಅವು ನನ್ನ ಜೇಬಿಗೆ ಬಂದವು. "ಚಿಕ್ಕಪ್ಪ, ಟೈಮ್ ಹೇಗೆ ಗೊತ್ತಾಗುತ್ತೆ?" ಎಂದಳು. "ಬೆಲ್ ಹೊಡೀತಾರಮ್ಮ, ಹೋಗು" ಎಂದೆ.

ಮಧ್ಯಾಹ್ನದವರೆಗೆ ಆ ಕಿವಿಯೋಲೆಗಳನ್ನು ಕೈಯಲ್ಲಿ ಹಿಡಿದು ಕೂತಾಗ ಒಂದು ಪ್ರಶ್ನೆ ಕಾಡಿತು. ಇವೇಕೆ ಗೇಟಿನ ಹೊರಗೆ ಉಳಿಯಬೇಕು? ಈ ನಿಯಮಗಳಿಗೆ ಒಂದು ಚರಿತ್ರೆ ಇದೆ. ಹೆಚ್ಚಿನವು ಯಾವುದೋ ಒಂದು ಮೋಸ ಬಯಲಾದ ಮೇಲೆ ಹುಟ್ಟಿದವು.

ಈ ಚರಿತ್ರೆಯ ಹಳೆಯ ತುದಿ ಚೀನಾದಲ್ಲಿದೆ. ಅಲ್ಲಿ ಸರ್ಕಾರಿ ಹುದ್ದೆಗೆ ನಡೆಯುತ್ತಿದ್ದ ಪರೀಕ್ಷೆಗೆ ಬಂದವರ ಬಟ್ಟೆ, ಬುತ್ತಿಗಳನ್ನು ಬಾಗಿಲಲ್ಲೇ ಜಾಲಾಡುತ್ತಿದ್ದರು. ಆದರೂ ಒಳಬಟ್ಟೆಯ ಮೇಲೆ ಸಾಸಿವೆಯಂಥ ಅಕ್ಷರಗಳಲ್ಲಿ ಪಾಠ ಬರೆದುಕೊಂಡು ಬಂದವರಿದ್ದರು. ಸೋಂಗ್ ರಾಜರ ಕಾಲದಲ್ಲೇ ಅಧಿಕಾರಿಗಳಿಗೆ ಇನ್ನೊಂದು ಸತ್ಯವೂ ಹೊಳೆದಿತ್ತು. ಬರೆಯುವವನಷ್ಟೇ ಅಲ್ಲ, ತಿದ್ದುವವನೂ ಮೋಸ ಮಾಡಬಹುದು. ಅದಕ್ಕಾಗಿ ಉತ್ತರಪತ್ರಿಕೆಯ ಹೆಸರನ್ನು ಮುಚ್ಚಿ, ಗುಮಾಸ್ತರಿಂದ ಇಡೀ ಉತ್ತರವನ್ನು ನಕಲು ಬರೆಸಿ, ಆ ನಕಲನ್ನು ತಿದ್ದಲು ಕೊಡುತ್ತಿದ್ದರು. ಕೈಬರಹದಿಂದಲೂ ಯಾರದೆಂದು ತಿಳಿಯಬಾರದು. ಬಾಗಿಲಿನ ಹುಡುಕಾಟ ಒಂದು, ಹಾಳೆಯ ಕಾವಲು ಇನ್ನೊಂದು. ಆ ಪರೀಕ್ಷೆ 1905ರಲ್ಲಿ ನಿಂತುಹೋಯಿತು. ಈ ಎರಡು ಬಗೆಯ ಕಾವಲು ಮಾತ್ರ ನಮ್ಮವರೆಗೂ ಬಂದಿದೆ.

ಮೊದಲು ಬಾಗಿಲಿನ ಕತೆ. 2015ರ ಮೇ 3ರಂದು ದೇಶದಾದ್ಯಂತ ವೈದ್ಯಕೀಯ ಪ್ರವೇಶ ಪರೀಕ್ಷೆ ನಡೆಯಿತು. ಹೊರಗಿನಿಂದ ಉತ್ತರ ಕಳಿಸಲು ಮೊಬೈಲು, ಬ್ಲೂಟೂತ್ ಉಪಕರಣಗಳನ್ನು ಬಟ್ಟೆಯಲ್ಲಿ ಅಡಗಿಸಿದ್ದ ಜಾಲವೊಂದು ಹರಿಯಾಣದಲ್ಲಿ ಬಯಲಾಯಿತು. ಸುಪ್ರೀಂ ಕೋರ್ಟ್ ಜೂನ್ 15ರಂದು ಆರು ಲಕ್ಷಕ್ಕೂ ಹೆಚ್ಚು ಮಂದಿ ಬರೆದಿದ್ದ ಪರೀಕ್ಷೆಯನ್ನೇ ರದ್ದು ಮಾಡಿತು. ಜುಲೈ 25ರಂದು ಮತ್ತೆ ಪರೀಕ್ಷೆ ನಡೆದಾಗ ಅರ್ಧ ತೋಳಿನ ಅಂಗಿ, ದೊಡ್ಡ ಗುಂಡಿ ಇಲ್ಲದ ಬಟ್ಟೆ, ಬೂಟಿನ ಬದಲು ಚಪ್ಪಲಿ ಎಂಬ ಪಟ್ಟಿ ಹೊರಬಿತ್ತು.

ಕರ್ನಾಟಕದಲ್ಲಿ ಅದೇ ಕತೆ 2023ರ ಅಕ್ಟೋಬರ್ 28ರಂದು ನಡೆಯಿತು. ನಿಗಮ ಮಂಡಳಿಗಳ ನೇಮಕಾತಿಗೆ ಪರೀಕ್ಷಾ ಪ್ರಾಧಿಕಾರ ನಡೆಸಿದ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಬ್ಲೂಟೂತ್ ಇಟ್ಟುಕೊಂಡವರು ಸಿಕ್ಕಿಬಿದ್ದರು. ಮರುತಿಂಗಳ ಪರೀಕ್ಷೆಗೆ ತುಂಬು ತೋಳು ಬೇಡ, ಬೂಟು ಬೇಡ, ಕಿವಿ ಮುಚ್ಚುವಂಥದ್ದು ಬೇಡ, ಒಡವೆ ಬೇಡ ಎಂಬ ಸೂಚನೆ ಬಂತು. ಮಾಂಗಲ್ಯ, ಕಾಲುಂಗುರಗಳಿಗೆ ಮಾತ್ರ ವಿನಾಯಿತಿ. ಅಣ್ಣನ ಮಗಳ ಕಿವಿಯೋಲೆ ನನ್ನ ಜೇಬಿಗೆ ಬಂದಿದ್ದರ ಹಿಂದೆ ಇಷ್ಟು ಕತೆ ಇದೆ.

ಬಾಗಿಲಿನ ಕಾವಲು ಬಿಗಿಯಾದಷ್ಟೂ ಅದು ತಪ್ಪು ಮನುಷ್ಯನನ್ನು ತಡೆಯುವ ಅಪಾಯವೂ ಹೆಚ್ಚು. 2025ರ ಏಪ್ರಿಲ್‌ನ ಸಿಇಟಿಯಲ್ಲಿ ಶಿವಮೊಗ್ಗ ಮತ್ತು ಬೀದರಿನಲ್ಲಿ ಜನಿವಾರ ತೆಗೆಯಲು ಹೇಳಿದರೆಂಬ ದೂರು ಎದ್ದಿತು. ಬೀದರಿನ ಹುಡುಗನೊಬ್ಬ ಗಣಿತದ ಪರೀಕ್ಷೆ ಬರೆಯದೆಯೇ ಮನೆಗೆ ಹೋದ. ಜನಿವಾರ ತೆಗೆಸಬೇಕೆಂಬ ಸಾಲು ನಿಯಮದಲ್ಲಿ ಇರಲಿಲ್ಲ. ಗೇಟಿನಲ್ಲಿ ನಿಂತವರು ತಮಗೆ ತಿಳಿದಂತೆ ಅರ್ಥ ಮಾಡಿಕೊಂಡಿದ್ದರು.

ಇನ್ನು ಹಾಳೆಯ ಕತೆ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅಲ್ಲಿ ಬಯಲಾದ ಒಂದು ಮೋಸಕ್ಕೆ ಬಟ್ಟೆಯೂ ಬೇಕಿರಲಿಲ್ಲ, ಬ್ಲೂಟೂತೂ ಬೇಕಿರಲಿಲ್ಲ. ಅಭ್ಯರ್ಥಿ ಓಎಂಆರ್ ಹಾಳೆಯ ವೃತ್ತಗಳನ್ನು ಖಾಲಿ ಬಿಟ್ಟು ಹೊರಬರುತ್ತಿದ್ದ, ಒಳಗಿದ್ದವರು ಆಮೇಲೆ ತುಂಬುತ್ತಿದ್ದರು ಎಂಬುದು ಆರೋಪ. ಗೇಟಿನಲ್ಲಿ ಎಷ್ಟು ತಡಕಿದರೂ ಇದು ಸಿಗುವುದಿಲ್ಲ.

ಇದನ್ನು ಹಿಡಿದುಕೊಟ್ಟದ್ದು ಓಎಂಆರ್ ಹಾಳೆಯ ಕೆಳಗಿನ ಪ್ರತಿ. ಮೇಲಿನ ಹಾಳೆಯಲ್ಲಿ ಪೆನ್ನಿನಿಂದ ಒತ್ತಿ ತುಂಬಿದ ವೃತ್ತ ಕೆಳಗಿನದರಲ್ಲೂ ಮೂಡುತ್ತದೆ. ಮೂಲಪ್ರತಿ ಒಳಗೆ ಉಳಿಯುತ್ತದೆ, ನಕಲು ಅಭ್ಯರ್ಥಿಯ ಜೊತೆ ಮನೆಗೆ ಬರುತ್ತದೆ. ಹರಿದು ಬೇರೆ ಮಾಡಿದ ಮೇಲೆ ಮೇಲಿನದರಲ್ಲಿ ಹೊಸ ವೃತ್ತ ತುಂಬಿದರೆ ಕೆಳಗಿನದು ಖಾಲಿಯಾಗಿಯೇ ಇರುತ್ತದೆ. ನಕಲಿನಲ್ಲಿ ಬೆರಳೆಣಿಕೆಯ ಉತ್ತರ, ಮೂಲದಲ್ಲಿ ನೂರಕ್ಕೂ ಹೆಚ್ಚು ಅಂಕ ಎಂಬಂಥ ಹೊಂದಿಕೆಯಾಗದ ಲೆಕ್ಕ ಹೊರಬಂದಾಗ ಪ್ರಕರಣ ಸಿಐಡಿಗೆ ಹೋಯಿತು. ನೇಮಕಾತಿ ವಿಭಾಗದ ಹಿರಿಯ ಪೊಲೀಸ್ ಅಧಿಕಾರಿಯೇ ಬಂಧನಕ್ಕೊಳಗಾದರು. 2022ರ ಏಪ್ರಿಲ್‌ನಲ್ಲಿ ನೇಮಕಾತಿಯ ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಪ್ರಾಮಾಣಿಕವಾಗಿ ಓದಿ ಬರೆದವರು ಅಷ್ಟು ಕಾಲ ಕಾದು ಕೂತರು.

ಸಿಇಟಿಯ ಹಾಳೆಯ ನಿಯಮಗಳನ್ನೂ ಈ ಬೆಳಕಿನಲ್ಲಿ ಓದಬೇಕು. ಬೆಳಗಿನ ಪತ್ರಿಕೆಗೆ 10:30ಕ್ಕೆ ಎರಡನೆಯ ಬೆಲ್, 10:40ಕ್ಕೆ ಮೂರನೆಯ ಬೆಲ್. ಪ್ರಶ್ನೆಪುಸ್ತಿಕೆಯ ಸೀಲು ಒಡೆಯುವುದು ಮೂರನೆಯ ಬೆಲ್ಲಿಗೆ. ಅದಕ್ಕೂ ಮುಂಚಿನ ಹತ್ತು ನಿಮಿಷ ಸಿಇಟಿ ಸಂಖ್ಯೆ, ಪುಸ್ತಿಕೆಯ ಕ್ರಮಸಂಖ್ಯೆ, ವರ್ಷನ್ ಕೋಡ್ ತುಂಬುವುದಕ್ಕೆ. ಪ್ರತಿ ವರ್ಷನ್ನಿನಲ್ಲಿ ಪ್ರಶ್ನೆಗಳ ಕ್ರಮ ಬೇರೆ. ಕೋಡನ್ನು ತಪ್ಪಾಗಿ ತುಂಬಿದರೆ ಸರಿ ಉತ್ತರವೂ ಬೇರೊಂದು ಕೀಲಿಗೆ ತಾಳೆ ನೋಡಿ ತಪ್ಪಾಗುತ್ತದೆ. ಉಳಿದ 70 ನಿಮಿಷದಲ್ಲಿ 60 ಪ್ರಶ್ನೆ.

ರಫ್ ಲೆಕ್ಕಕ್ಕೆ ಬೇರೆ ಹಾಳೆ ಕೊಡುವುದಿಲ್ಲ, ತರುವಂತೆಯೂ ಇಲ್ಲ. ಪ್ರಶ್ನೆಪುಸ್ತಿಕೆಯಲ್ಲಿ ಬಿಟ್ಟಿರುವ ಜಾಗದಲ್ಲೇ ಮಾಡಬೇಕು. ಓಎಂಆರ್ ಹಾಳೆಯ ಮೇಲೆ ಒಂದು ಗುಣಾಕಾರವನ್ನೂ ಮಾಡಬಾರದು. ಅದನ್ನು ಓದುವುದು ಯಂತ್ರ, ಪೆನ್ನು ತಾಗಿದ ಸಣ್ಣ ಚುಕ್ಕೆಯೂ ಅದಕ್ಕೆ ಉತ್ತರದಂತೆ ಕಾಣಬಹುದು.

ಕಂಪ್ಯೂಟರಿನಲ್ಲಿ ಬರೆಯುವ ಜೆಇಇ ಮೇನ್‌ನಲ್ಲಿ ಕ್ರಮ ಬೇರೆ. ಅಲ್ಲಿ ಪ್ರಶ್ನೆ ಪರದೆಯ ಮೇಲಿರುವುದರಿಂದ ಬಿಡಿ ಹಾಳೆ ಕೊಡಲೇಬೇಕು. ಅದರ ಮೇಲ್ತುದಿಯಲ್ಲಿ ಹೆಸರು, ರೋಲ್ ನಂಬರ್ ಬರೆದು, ಹೊರಡುವಾಗ ಅಲ್ಲಿಟ್ಟಿರುವ ಪೆಟ್ಟಿಗೆಗೆ ಹಾಕಬೇಕು. ಆ ಪರೀಕ್ಷೆ ಹಲವು ಪಾಳಿಗಳಲ್ಲಿ, ಹಲವು ದಿನ ನಡೆಯುತ್ತದೆ. ಬಿಡಿ ಹಾಳೆ ಜೇಬಿಗೆ ಸೇರಿದರೆ ಪ್ರಶ್ನೆಯೂ ಅದರ ಜೊತೆ ಹೊರಟಂತೆ, ಪಕ್ಕದವನ ಕೈಗೆ ಹೋದರೆ ಉತ್ತರವೂ ಹೋದಂತೆ. ಹೆಸರಿರುವ ಹಾಳೆಗೆ ಯಜಮಾನನಿದ್ದಾನೆ. ಸಿಇಟಿ ಒಂದೇ ಹೊತ್ತಿಗೆ ಎಲ್ಲ ಕಡೆ ಮುಗಿಯುವುದರಿಂದ ಪುಸ್ತಿಕೆ ಮನೆಗೆ ಬಂದರೂ ನಷ್ಟವಿಲ್ಲ.

ಕೊನೆಯ ಬೆಲ್ ಆಗಿ ಅಣ್ಣನ ಮಗಳು ಹೊರಬಂದಳು. ಕೈಯಲ್ಲಿ ಗೀಚಿದ ಪುಸ್ತಿಕೆ, ಅದರೊಳಗೆ ಮಡಚಿಟ್ಟ ಓಎಂಆರ್ ನಕಲು. ಕಿವಿಯೋಲೆ ಹಾಕಿಕೊಳ್ಳುತ್ತಾ ಆ ನಕಲನ್ನು ನನ್ನ ಕೈಗೆ ಕೊಟ್ಟು, "ಇದನ್ನ ಬಿಸಾಕಬಹುದಾ?" ಎಂದಳು. ಬೆಳಕಿಗೆ ಹಿಡಿದು ನೋಡಿದೆ. ನಾಲ್ಕೈದು ವೃತ್ತಗಳು ಮಸುಕಾಗಿದ್ದವು, ಅಲ್ಲಿ ಅವಳು ಪೆನ್ನು ಒತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಅವಳ ಸಾಕ್ಷಿಯೂ ಮಸುಕು.

"ಮಧ್ಯಾಹ್ನದ ಪೇಪರಿಗೆ ಒತ್ತಿ ತುಂಬು. ಸೀಟು ಸಿಗೋವರೆಗೂ ಇದು ಬೀರುವಿನಲ್ಲಿರಲಿ" ಎಂದೆ. ಬೆಳಿಗ್ಗೆ ಗೇಟಿನಲ್ಲಿ ಅವಳ ಮೇಲಿನ ಅನುಮಾನಕ್ಕೆ ಅವಳೇ ಉತ್ತರ ಕೊಟ್ಟು ಒಳಗೆ ಹೋಗಿದ್ದಳು. ಒಳಗಿನವರ ಮೇಲೆ ಅವಳಿಗೆ ಅನುಮಾನ ಬಂದರೆ ಕೇಳಲು ಇರುವುದು ಈ ಒಂದು ಹಾಳೆ.