ಮೂರರಲ್ಲೊಂದು ಪಾಲು ಕಬ್ಬು: ನೀರಾ ಕಾಲುವೆಯಲ್ಲಿ ವಿಶ್ವೇಶ್ವರಯ್ಯನವರ ಲೆಕ್ಕ

ಪುಣೆಯಿಂದ ಬಾರಾಮತಿಯ ಕಡೆಗೆ ಹೊರಟವರಿಗೆ ದಾರಿಯಲ್ಲಿ ಎರಡು ಬೇರೆ ಬೇರೆ ಲೋಕಗಳು ಕಾಣುತ್ತವೆ. ಪುರಂದರ ತಾಲ್ಲೂಕಿನ ಒಣ ಗುಡ್ಡಗಳ ನಡುವೆ ಸಜ್ಜೆ, ಜೋಳದ ಹೊಲಗಳು. ಅವನ್ನು ದಾಟಿ ಇಳಿದರೆ ಕಣ್ಣು ಹಾಯುವಷ್ಟು ದೂರ ಕಬ್ಬು. ಮಳೆಯಲ್ಲಿ ಈ ಎರಡಕ್ಕೂ ದೊಡ್ಡ ಅಂತರವಿಲ್ಲ, ಎರಡೂ ಸಹ್ಯಾದ್ರಿಯ ಮಳೆನೆರಳಿನ ನಾಡೇ. ವ್ಯತ್ಯಾಸ ತಂದದ್ದು 1885ರಲ್ಲಿ ನೀರು ಹರಿಯತೊಡಗಿದ ನೀರಾ ಎಡದಂಡೆ ಕಾಲುವೆ. ಆ ಕಾಲುವೆಯ ನೀರನ್ನು ಯಾರಿಗೆ, ಯಾವ ಬೆಳೆಗೆ, ಎಷ್ಟು ಕೊಡಬೇಕೆಂಬ ಪ್ರಶ್ನೆಗೆ ಮೊದಲು ಒಂದು ಕ್ರಮಬದ್ಧ ಉತ್ತರ ಕೊಟ್ಟವರು ಮುದ್ದೇನಹಳ್ಳಿಯಿಂದ ಬಂದ ಎಂಜಿನಿಯರ್, ಮೋಕ್ಷಗುಂಡಂ ವಿಶ್ವೇಶ್ವರಯ್ಯ.

ಕನ್ನಡಿಗರಿಗೆ ಅವರು ಕನ್ನಂಬಾಡಿಯ ವಿಶ್ವೇಶ್ವರಯ್ಯ. ಆದರೆ ಮೈಸೂರಿಗೆ ಹೋಗುವ ಮುನ್ನ, 1884ರಿಂದ ಸುಮಾರು ಕಾಲು ಶತಮಾನ ಅವರು ದುಡಿದದ್ದು ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ. ಓದಿದ್ದೂ ಪುಣೆಯ ಎಂಜಿನಿಯರಿಂಗ್ ಕಾಲೇಜಿನಲ್ಲೇ. ಖಡಕ್‌ವಾಸ್ಲಾ ಅಣೆಕಟ್ಟಿಗೆ ಅವರು ಕೂರಿಸಿದ ಸ್ವಯಂಚಾಲಿತ ಗೇಟುಗಳ ಕಥೆ ಎಲ್ಲರಿಗೂ ಗೊತ್ತು. ಅದೇ ಕಾಲದಲ್ಲಿ ಅವರು ರೂಪಿಸಿದ ‘ಬ್ಲಾಕ್ ಪದ್ಧತಿ’ಯ ಕಥೆ ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಗೇಟು ಕಣ್ಣಿಗೆ ಕಾಣುತ್ತದೆ, ನೀರು ಹಂಚುವ ನಿಯಮ ಕಾಣುವುದಿಲ್ಲ.

ಕಾಲುವೆ ಬಂದದ್ದು ಬರಕ್ಕಾಗಿ. 1876-78ರ ಭೀಕರ ಕ್ಷಾಮದ ನಂತರ, ದಖ್ಖನಿನಲ್ಲಿ ಜನ ಹಸಿವಿನಿಂದ ಸಾಯದಂತೆ ನೋಡಿಕೊಳ್ಳಲು ನೀರಾವರಿ ಬೇಕೆಂದು ಸರಕಾರಕ್ಕೆ ಅನಿಸಿತು. ಭಾಟಘರದಲ್ಲಿ ಅಣೆಕಟ್ಟು ಕಟ್ಟಿ, ಮಳೆಗಾಲದ ನೀರನ್ನು ಹಿಡಿದು, ಬಾರಾಮತಿ ಮತ್ತು ಇಂದಾಪುರದ ಒಣ ಬಯಲಿಗೆ ಹರಿಸುವ ಯೋಜನೆ ಅದು. ಜೋಳ, ಸಜ್ಜೆ ಬೆಳೆಯುವ ಸಾವಿರಾರು ರೈತರಿಗೆ ಎರಡು-ಮೂರು ಸಲ ನೀರು ಸಿಕ್ಕರೆ ಬೆಳೆ ಉಳಿಯುತ್ತದೆ ಎಂಬ ಎಣಿಕೆ.

ಎಣಿಕೆ ತಪ್ಪಿತು. ಮಳೆ ಚೆನ್ನಾಗಿ ಬಂದ ವರ್ಷ ಜೋಳದ ರೈತನಿಗೆ ಕಾಲುವೆಯ ನೀರು ಬೇಡ, ಏಕೆಂದರೆ ಅದಕ್ಕೆ ದುಡ್ಡು ಕೊಡಬೇಕು. ದಖ್ಖನಿನ ಆಳವಾದ ಎರೆಭೂಮಿ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಿಂಗಾರಿ ಜೋಳ ಆ ತೇವದಲ್ಲೇ ಬೆಳೆಯುತ್ತದೆ. ಮಳೆ ಕೈಕೊಟ್ಟ ವರ್ಷ ಮಾತ್ರ ಎಲ್ಲರೂ ಒಟ್ಟಿಗೆ ನೀರಿಗೆ ಮುಗಿಬೀಳುತ್ತಿದ್ದರು. ಹೀಗಾಗಿ ಒಳ್ಳೆಯ ವರ್ಷ ಕಾಲುವೆಗೆ ಆದಾಯವಿಲ್ಲ, ಕೆಟ್ಟ ವರ್ಷ ಸಾಕಾಗುವಷ್ಟು ನೀರಿಲ್ಲ. ಪ್ರತಿ ವರ್ಷ ತಪ್ಪದೆ ನೀರು ಕೊಂಡವನು ಒಬ್ಬನೇ, ಕಬ್ಬಿನ ರೈತ. ಕಬ್ಬಿಗೆ ಹನ್ನೆರಡು ತಿಂಗಳಿಗೂ ಮಿಕ್ಕಿ ನೀರು ಬೇಕು, ಅದಕ್ಕೆ ದುಡ್ಡು ಕೊಡುವ ಶಕ್ತಿಯೂ ಅವನಿಗಿತ್ತು. ಸಾಸವಡದ ಕಡೆಯ ಮಾಳಿ ಸಮುದಾಯದ ಅನುಭವಸ್ಥ ತೋಟಗಾರರು ಬಂದು, ಜಮೀನು ಗುತ್ತಿಗೆ ಹಿಡಿದು ಕಬ್ಬು ಹಾಕಿದರು. ಬೆಲ್ಲದ ಆಲೆಮನೆಗಳು ಎದ್ದವು. ಕಾಲುವೆಯ ತಲೆಭಾಗದ ಹಳ್ಳಿಗಳಲ್ಲಿ ಹಸಿರು ದಟ್ಟವಾಯಿತು, ಬಾಲದ ಹಳ್ಳಿಗಳು ಕಾಯುತ್ತಾ ಉಳಿದವು.

ವಿಶ್ವೇಶ್ವರಯ್ಯನವರ ಮುಂದೆ ಇದ್ದದ್ದು ಈ ಪರಿಸ್ಥಿತಿ. ಅವರು ಇಪ್ಪತ್ತರ ಹರೆಯದಲ್ಲಿ ಖಾನದೇಶದ ಧುಳೆ ಭಾಗದಲ್ಲಿ ಕೆಲಸ ಮಾಡಿದ್ದವರು. ಅಲ್ಲಿ ಪಾಂಝರಾದಂಥ ನದಿಗಳಿಗೆ ಅಡ್ಡವಾಗಿ ಹಳ್ಳಿಗರೇ ಕಟ್ಟಿಕೊಂಡ ಒಡ್ಡುಗಳಿದ್ದವು, ಅವಕ್ಕೆ ‘ಬಾಂಧಾರ’ ಎನ್ನುತ್ತಾರೆ. ಒಡ್ಡಿನ ಕೆಳಗಿನ ಜಮೀನನ್ನು ಮೂರು-ನಾಲ್ಕು ‘ಫಡ್’ಗಳಾಗಿ ವಿಂಗಡಿಸುವುದು ಅಲ್ಲಿನ ರೂಢಿ. ಒಂದು ಫಡ್‌ನಲ್ಲಿ ಎಲ್ಲರೂ ಒಂದೇ ಬೆಳೆ ಹಾಕಬೇಕು, ಮುಂದಿನ ವರ್ಷ ಬೆಳೆ ಬದಲಾಗುತ್ತದೆ. ಈ ವರ್ಷ ಕಬ್ಬಿದ್ದ ಕಡೆ ಮುಂದಿನ ವರ್ಷ ಬೇರೇನೋ. ಪ್ರತಿ ರೈತನಿಗೂ ಪ್ರತಿ ಫಡ್‌ನಲ್ಲೂ ಒಂದು ತುಂಡು ಜಮೀನು ಇರುವುದರಿಂದ ಯಾರಿಗೂ ಕಬ್ಬು ಪೂರ್ತಿ ಸಿಗುವುದಿಲ್ಲ, ಯಾರಿಗೂ ಪೂರ್ತಿ ತಪ್ಪುವುದೂ ಇಲ್ಲ. ನೀರು ಬಿಡುವ ಕೆಲಸ ‘ಪಾಟಕರಿ’ಯದ್ದು. ನಮ್ಮ ಹಳೇ ಮೈಸೂರಿನ ಕೆರೆಗಳಲ್ಲಿ ನೀರುಗಂಟಿ ಮಾಡುತ್ತಿದ್ದ ಕೆಲಸವೇ ಅದು.

20ನೇ ಶತಮಾನದ ಆರಂಭದಲ್ಲಿ ನೀರಾ ಕಾಲುವೆಗೆ ಬಂದ ಬ್ಲಾಕ್ ಪದ್ಧತಿಯಲ್ಲಿ ಇದೇ ತತ್ವ ಸರಕಾರಿ ರೂಪದಲ್ಲಿ ಕಾಣುತ್ತದೆ. ಹಳ್ಳಿಯ ಜಮೀನಿನಲ್ಲಿ ಒಂದು ಗೊತ್ತಾದ ಭಾಗವನ್ನು ‘ಬ್ಲಾಕ್’ ಎಂದು ಗುರುತಿಸಿ, ಕೆಲವು ವರ್ಷಗಳ ಕಾಲ ಅದಕ್ಕೆ ನೀರಿನ ಖಾತರಿ ಕೊಡುವುದು. ಬದಲಿಗೆ ಬ್ಲಾಕಿನ ಮೂರರಲ್ಲೊಂದು ಪಾಲಿನಲ್ಲಿ ಮಾತ್ರ ಕಬ್ಬು. ಉಳಿದ ಎರಡು ಪಾಲುಗಳಲ್ಲಿ ಭತ್ತದಂಥ ಮಳೆಗಾಲದ ಬೆಳೆ ಮತ್ತು ಕಡಿಮೆ ನೀರಿನ ಒಣ ಬೆಳೆ. ವರ್ಷ ವರ್ಷಕ್ಕೆ ಕಬ್ಬಿನ ಜಾಗ ಸರಿಯುತ್ತಾ ಹೋಗಬೇಕು. ರೈತನಿಗೆ ನೀರು ಬರುತ್ತದೆಂಬ ಭರವಸೆ, ಇಲಾಖೆಗೆ ಮಳೆ ಬಂದರೂ ಬಾರದಿದ್ದರೂ ಇಡೀ ಬ್ಲಾಕಿನ ನೀರಿನ ಕರ.

ಇದರ ಹಿಂದಿನ ಲೆಕ್ಕ ಸರಳ. ದಖ್ಖನಿನಲ್ಲಿ ಒಂದು ಎಕರೆ ಕಬ್ಬಿಗೆ ಹೊಲದಲ್ಲಿ ಸುಮಾರು 80 ಅಂಗುಲ ನೀರು ನಿಲ್ಲಿಸಬೇಕೆಂದು ಇಟ್ಟುಕೊಳ್ಳೋಣ. ಹಿಂಗಾರಿ ಜೋಳಕ್ಕೆ ತಲಾ ಮೂರು ಅಂಗುಲದಂತೆ ನಾಲ್ಕು ಸಲ ಕೊಟ್ಟರೆ 12 ಅಂಗುಲ. ಮಳೆಗಾಲದ ಬೆಳೆಗೆ ಮಳೆಯ ಜೊತೆಗೆ ಕಾಲುವೆಯಿಂದ 20 ಅಂಗುಲ ಎನ್ನೋಣ. 30 ಎಕರೆಗೆ ಪೂರ್ತಿ ಕಬ್ಬು ಹಾಕಿದರೆ 2,400 ಎಕರೆ-ಅಂಗುಲ ನೀರು ಬೇಕು. ಅದೇ 30 ಎಕರೆಯನ್ನು ಮೂರು ಪಾಲು ಮಾಡಿದರೆ ಕಬ್ಬಿಗೆ 800, ಮಳೆಗಾಲದ ಬೆಳೆಗೆ 200, ಜೋಳಕ್ಕೆ 120, ಒಟ್ಟು 1,120. ಅರ್ಧಕ್ಕಿಂತ ಕಡಿಮೆ. ಅಂದರೆ ಒಂದು ಹಳ್ಳಿ ಕುಡಿದು ಮುಗಿಸುತ್ತಿದ್ದ ನೀರಿನಲ್ಲಿ ಎರಡು ಹಳ್ಳಿಗಳಿಗೆ ಬ್ಲಾಕ್ ಸಿಗುತ್ತದೆ. ಮೊದಲು ರೈತರು ಇದನ್ನು ಒಪ್ಪಲಿಲ್ಲ. ತನ್ನ ಹೊಲದಲ್ಲಿ ಏನು ಬೆಳೆಯಬೇಕೆಂದು ಇಲಾಖೆ ಹೇಳುವುದು ಯಾವ ರೈತನಿಗೂ ಹಿಡಿಸುವ ಮಾತಲ್ಲ. ನೀರಿನ ಖಾತರಿಯ ಬೆಲೆ ತಿಳಿದ ಮೇಲೆ ವಿರೋಧ ಇಳಿಯಿತು.

ಕಬ್ಬನ್ನು ಜಾಗ ಬದಲಿಸುವುದಕ್ಕೆ ನೀರಿನ ಹಂಚಿಕೆಯಲ್ಲದೆ ಇನ್ನೊಂದು ಕಾರಣವೂ ಇತ್ತು, ಅದು ಮಣ್ಣು. ಎರೆಭೂಮಿಯಲ್ಲಿ ಜೇಡಿ ಹೆಚ್ಚು, ನೀರು ಕೆಳಗೆ ಇಳಿದು ಹೋಗುವುದು ಬಹಳ ನಿಧಾನ. ವರ್ಷವಿಡೀ ನೀರು ಹಾಯಿಸಿದರೆ ಅಂತರ್ಜಲ ಬೇರಿನ ಮಟ್ಟಕ್ಕೆ ಏರುತ್ತದೆ. ಬೇಸಿಗೆಯ ಬಿಸಿಲಿಗೆ ಆ ನೀರು ಮೇಲಕ್ಕೆ ಎಳೆಯಲ್ಪಟ್ಟು ಆವಿಯಾಗುತ್ತದೆ, ಅದರಲ್ಲಿ ಕರಗಿದ್ದ ಉಪ್ಪು ಮೇಲೆ ಉಳಿಯುತ್ತದೆ. ಉತ್ತರ ಕರ್ನಾಟಕದ ರೈತರು ಸವುಳು-ಜವುಳು ಎನ್ನುವುದು ಇದನ್ನೇ. ಲಕ್ಷಣಗಳು ಕ್ರಮವಾಗಿ ಬರುತ್ತವೆ: ಮೊದಲು ಬಾವಿಯ ನೀರು ಮೇಲೆ ಬರುತ್ತದೆ, ರೈತ ಸಂತೋಷಪಡುತ್ತಾನೆ. ಆಮೇಲೆ ಹೊಲದ ತಗ್ಗಿನಲ್ಲಿ ಬೆಳೆ ಹಳದಿಯಾಗುತ್ತದೆ. ಕೊನೆಗೆ ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪದರ ಕಾಣಿಸುತ್ತದೆ. ಆ ಹೊತ್ತಿಗೆ ತಡವಾಗಿರುತ್ತದೆ.

ನೀರಾ ಬಯಲಿನಲ್ಲಿ ಆದದ್ದು ಹೀಗೇ. ಒಳ್ಳೊಳ್ಳೆಯ ಜಮೀನುಗಳು ಜವುಳು ಹಿಡಿದವು. ದಖ್ಖನಿನ ನೀರಾವರಿಯ ಇಂಥ ತೊಡಕುಗಳನ್ನು ಅಭ್ಯಸಿಸಲು ಮುಂಬೈ ಪ್ರಾಂತ್ಯ 1916ರಲ್ಲಿ ಒಂದು ವಿಶೇಷ ನೀರಾವರಿ ವಿಭಾಗವನ್ನೇ ತೆರೆಯಬೇಕಾಯಿತು. ಖಡಕ್‌ವಾಸ್ಲಾದಲ್ಲಿ ಇಂದು ಇರುವ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದ ಮೂಲ ಅದೇ. ನೀರು ತರುವುದನ್ನು ಕಲಿತ ಮೂರು ದಶಕದ ಮೇಲೆ, ಬಂದ ನೀರನ್ನು ಹೊರಹಾಕುವುದನ್ನೂ ಕಲಿಯಬೇಕಾಗಿ ಬಂತು.

ನಿಯಮ ಸಡಿಲವಾದದ್ದು ಹೇಗೆ? ಒಂದು ದಾರಿ ಬಾವಿ. ಕಾಲುವೆಯಿಂದ ಸೋರಿದ ನೀರು ಸುತ್ತಲಿನ ಬಾವಿಗಳನ್ನು ತುಂಬಿಸಿತು. ಕಾಲುವೆಯ ನೀರಿಗೆ ಮೂರರಲ್ಲೊಂದರ ಮಿತಿಯಿತ್ತು, ಬಾವಿಯ ನೀರಿಗೆ ಇರಲಿಲ್ಲ. ಬಾವಿ ತೋಡಿಸುವ ಶಕ್ತಿಯಿದ್ದವನು ಉಳಿದ ಎರಡು ಪಾಲಿನಲ್ಲೂ ಕಬ್ಬು ಹಾಕಬಹುದಾಯಿತು. ಇನ್ನೊಂದು ದಾರಿ ಕಾರ್ಖಾನೆ. 1930ರ ದಶಕದಿಂದ ಸಕ್ಕರೆ ಕಾರ್ಖಾನೆಗಳು ಬಂದ ಮೇಲೆ, ಕಬ್ಬನ್ನು ಹತೋಟಿಯಲ್ಲಿಡುವುದಕ್ಕಿಂತ ಕಾರ್ಖಾನೆಗೆ ಕಬ್ಬು ಒದಗಿಸುವುದೇ ಮುಖ್ಯವಾಯಿತು. ಬ್ಲಾಕ್ ಎಂಬ ಮಾತು ಉಳಿಯಿತು, ಆದರೆ ಅದು ಮಿತಿಯಾಗಿ ಅಲ್ಲ, ಹಕ್ಕಾಗಿ.

ವಿಶ್ವೇಶ್ವರಯ್ಯನವರ ಈ ಪದ್ಧತಿ ಅವರ ಹಿಂದೆಯೇ ಮೈಸೂರಿಗೂ ಬಂತು. ಕೃಷ್ಣರಾಜಸಾಗರದಿಂದ ಮಂಡ್ಯದ ಕಡೆಗೆ ಹೊರಟ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯ ಕೆಳಗೆ ಕಬ್ಬು, ಭತ್ತ, ಅರೆ ಒಣ ಬೆಳೆ ಎಂಬ ಮೂರು ವರ್ಷದ ಸರದಿ ಗೊತ್ತಾಯಿತು. ಮಂಡ್ಯದ ಸಕ್ಕರೆ ಕಾರ್ಖಾನೆ 1930ರ ದಶಕದಲ್ಲಿ ಶುರುವಾಯಿತು. ಅಲ್ಲಿಯೂ ಕಾಲಕ್ರಮೇಣ ಸರದಿ ಮುರಿದು, ನಾಲೆಯ ತಲೆಭಾಗದಲ್ಲಿ ಭತ್ತದ ಮೇಲೆ ಭತ್ತ, ಕಬ್ಬಿನ ಮೇಲೆ ಕಬ್ಬು ಬಂತು. ಮಂಡ್ಯದ ರೈತ ಮತ್ತು ಬಾರಾಮತಿಯ ರೈತ ಒಬ್ಬರನ್ನೊಬ್ಬರು ನೋಡಿದವರಲ್ಲ, ಆದರೂ ಒಂದೇ ರೀತಿ ನಡೆದುಕೊಂಡರು. ಹತ್ತಿರದಲ್ಲಿ ನೀರು, ನಿಶ್ಚಿತ ಬೆಲೆಯ ಬೆಳೆ, ಕೇಳುವವರಿಲ್ಲದ ತೂಬು, ಇವು ಮೂರೂ ಕೂಡಿದರೆ ಮೂರರಲ್ಲೊಂದರ ನಿಯಮ ಕಾಗದದಲ್ಲೇ ಉಳಿಯುತ್ತದೆ.

ಧುಳೆಯ ಫಡ್‌ಗೂ ನೀರಾದ ಬ್ಲಾಕಿಗೂ ಇದ್ದ ವ್ಯತ್ಯಾಸ ಇಲ್ಲಿಯೇ ಇದೆ. ಫಡ್‌ನಲ್ಲಿ ಒಬ್ಬನು ಸರದಿ ಮುರಿದರೆ ಪಕ್ಕದ ಹೊಲದವನಿಗೆ ಅಂದೇ ಗೊತ್ತಾಗುತ್ತಿತ್ತು, ಏಕೆಂದರೆ ಕಡಿಮೆಯಾಗುವುದು ಅವನ ನೀರು. ಉದ್ದನೆಯ ಕಾಲುವೆಯಲ್ಲಿ ತಲೆಯವನು ಮುರಿದರೆ ನಷ್ಟ ಬಾಲದವನಿಗೆ, ಅವನಿಗೆ ಅದು ಕಾಣುವುದೂ ಇಲ್ಲ. ಕಾಯುವವನು ಇಲಾಖೆಯ ನೌಕರ, ಅವನಿಗೆ ಕಳೆದುಕೊಳ್ಳುವುದು ಏನೂ ಇಲ್ಲ.

ಈ ಪ್ರಶ್ನೆಗೆ ಇನ್ನೊಂದು ಉತ್ತರ ಅದೇ ಜಿಲ್ಲೆಯಲ್ಲಿ ಬಂತು, ಕಾಲುವೆ ಮುಟ್ಟದ ಪುರಂದರದ ಗುಡ್ಡಗಳಲ್ಲಿ. 1972ರ ಬರದ ನಂತರ ಪುಣೆಯ ಎಂಜಿನಿಯರ್-ಉದ್ಯಮಿ ವಿಲಾಸರಾವ್ ಸಾಳುಂಖೆ ನಾಯಗಾಂವ್‌ನಲ್ಲಿ ಕೆಲಸ ಶುರುಮಾಡಿದರು. ಅವರ ‘ಪಾಣಿ ಪಂಚಾಯತ್’ನಲ್ಲಿ ನೀರು ಜಮೀನಿನ ಅಳತೆಗೆ ಸಿಗುವುದಿಲ್ಲ, ಮನೆಯ ತಲೆಗಳ ಲೆಕ್ಕಕ್ಕೆ ಸಿಗುತ್ತದೆ: ತಲೆಗೆ ಅರ್ಧ ಎಕರೆಗೆ ಆಗುವಷ್ಟು, ಒಂದು ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗೆ. ಜಮೀನು ಮಾರಿದರೆ ನೀರಿನ ಹಕ್ಕು ಅದರ ಜೊತೆ ಹೋಗುವುದಿಲ್ಲ. ಭೂಮಿಯಿಲ್ಲದವರಿಗೂ ಪಾಲು. ಖರ್ಚಿನಲ್ಲಿ ಐದರಲ್ಲೊಂದು ಪಾಲನ್ನು ರೈತರೇ ಹಾಕಬೇಕು. ಮತ್ತು ಕಬ್ಬು ಬೆಳೆಯುವಂತಿಲ್ಲ, ಮೂರರಲ್ಲೊಂದು ಪಾಲೂ ಇಲ್ಲ. ನೀರು ಹಂಚುವವನು ಊರಿನವರೇ ನೇಮಿಸಿದ ಪಾಟಕರಿ.

ಈ ಪದ್ಧತಿ ಸಣ್ಣ ಸಣ್ಣ ಏತ ನೀರಾವರಿ ಗುಂಪುಗಳಲ್ಲಿ ನಡೆಯಿತು, ದೊಡ್ಡ ಕಾಲುವೆಗಳಿಗೆ ಹಬ್ಬಲಿಲ್ಲ. ಆದರೆ ವಿಶ್ವೇಶ್ವರಯ್ಯನವರು ಬಿಡಿಸಲು ಹೊರಟ ಗಂಟು ಎಲ್ಲಿತ್ತೆಂಬುದನ್ನು ಅದು ತೋರಿಸಿತು. ಬ್ಲಾಕ್ ಪದ್ಧತಿ ಬೆಳೆಯನ್ನು ಅಳೆಯಿತು, ನೀರನ್ನು ಜಮೀನಿಗೇ ಕಟ್ಟಿಹಾಕಿತು. ಜಮೀನಿದ್ದವನಿಗೆ ನೀರು, ನೀರಿದ್ದವನಿಗೆ ಬಾವಿ, ಬಾವಿಯಿದ್ದವನಿಗೆ ಮತ್ತಷ್ಟು ಕಬ್ಬು. ಸಾಳುಂಖೆಯವರು ನೀರನ್ನು ಜಮೀನಿನಿಂದ ಬಿಡಿಸಿ ಮನುಷ್ಯರ ಲೆಕ್ಕಕ್ಕೆ ತಂದರು. ಬಾರಾಮತಿಯ ಹಸಿರಿಗೂ ಪುರಂದರದ ಗುಡ್ಡಕ್ಕೂ ನಡುವೆ ಇರುವುದು ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿ. ಎರಡು ಲೆಕ್ಕಗಳ ನಡುವಿನ ದೂರ ಅದಕ್ಕಿಂತ ಹೆಚ್ಚು.