ನುಡಿಯ ಹೆಸರು ಜಾತಿಯಾದ ಬಗೆ: ಬಲ್ಮಠದಿಂದ ನೋಡಿದ ವಸಾಹತು ಜನಗಣತಿ

ಮಂಗಳೂರಿಗೆ ಬಾಸೆಲ್ ಮಿಷನ್ನಿನವರು ಬಂದದ್ದು 1834ರಲ್ಲಿ. ಬಲ್ಮಠದ ಗುಡ್ಡ ಅವರ ಕೆಲಸದ ನಡುಮನೆಯಾಯಿತು. ದೇವಶಾಸ್ತ್ರದ ಶಾಲೆ, ನೇಯ್ಗೆ ಕಾರ್ಖಾನೆ, ಅಚ್ಚುಕೂಟ ಒಂದರ ಹಿಂದೆ ಒಂದು ತಲೆಯೆತ್ತಿದವು. ಬ್ರಿಗೆಲ್ ಅವರ ತುಳು ವ್ಯಾಕರಣ (1872), ಮ್ಯಾನರ್ ಅವರ ತುಳು ನಿಘಂಟು (1886), ಕಿಟ್ಟೆಲ್ ಅವರ ಕನ್ನಡ ನಿಘಂಟು (1894) ಅಚ್ಚಾದದ್ದು ಇದೇ ಮಿಷನ್ನಿನ ಮಂಗಳೂರು ಅಚ್ಚುಕೂಟದಲ್ಲಿ. ಭಾಷಾಶಾಸ್ತ್ರದ ಚರಿತ್ರೆ ಬರೆಯುವವರು ಈ ಪುಸ್ತಕಗಳನ್ನು ಮರೆಯುವುದಿಲ್ಲ. ಆದರೆ ಇವು ಹೊರಬರುತ್ತಿದ್ದ ವರ್ಷಗಳಲ್ಲೇ ಅದೇ ಊರಿನ ಮನೆಮನೆಗೆ ಇನ್ನೊಂದು ಬಗೆಯ ಪಟ್ಟಿ ಹಿಡಿದ ಗಣತಿದಾರರು ಬರುತ್ತಿದ್ದರು. ವ್ಯಾಕರಣಕಾರರು ನುಡಿಗೆ ಇಟ್ಟ ‘ದ್ರಾವಿಡ’ ಎಂಬ ಹೆಸರು ಈ ಗಣತಿಗಳ ದಾರಿಯಲ್ಲಿ ಸಾಗಿ ಮೊದಲು ಜನಾಂಗವಾಯಿತು, ಬಳಿಕ ಜಾತಿಯಾಯಿತು, ಕೊನೆಗೆ ತಹಸೀಲ್ದಾರರ ಪ್ರಮಾಣಪತ್ರವೂ ಆಯಿತು. ಆ ದಾರಿಯನ್ನು ಗುರುತಿಸುವುದು ಈ ಲೇಖನದ ಉದ್ದೇಶ.

ಗಣತಿಗೆ ಮುಂಚೆ ಇಲ್ಲಿ ಜಾತಿಯೇ ಇರಲಿಲ್ಲ ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. 1801ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕನನ್ ಜಮೀನಿನ ಜೊತೆ ಕೈಬದಲಾಗುತ್ತಿದ್ದ ಜೀತದ ಆಳುಗಳನ್ನು ಕಂಡು ಅವರ ಪಂಗಡಗಳ ಹೆಸರನ್ನೂ ಬರೆದುಕೊಂಡಿದ್ದಾನೆ. ಕೊರಗರ ಮೇಲಿನ ಅಜಲು ಪದ್ಧತಿ ಬ್ರಿಟಿಷರು ತಂದದ್ದಲ್ಲ. ಮೇಲುಕೀಳು ಇತ್ತು, ಕ್ರೂರವಾಗಿಯೇ ಇತ್ತು. ಮನೆ ಎಣಿಸಿ ತೆರಿಗೆ ಹಾಕುವುದೂ ಹೊಸದಲ್ಲ. ಹಿಂದಿನ ರಾಜ್ಯಗಳೂ ಜಾತಿವಾರು ಮನೆ ಲೆಕ್ಕ ಇಡುತ್ತಿದ್ದವೆಂದು ಸುಮಿತ್ ಗುಹಾ ತೋರಿಸಿಕೊಟ್ಟಿದ್ದಾರೆ. ಗಣತಿಯೇ ಜಾತಿಯನ್ನು ಗಟ್ಟಿ ವಸ್ತುವನ್ನಾಗಿ ಮಾಡಿತು ಎಂಬ ಬರ್ನಾರ್ಡ್ ಕೋನ್ ಮತ್ತು ನಿಕೋಲಸ್ ಡರ್ಕ್ಸ್ ಅವರ ವಾದವನ್ನು ಈ ತಿದ್ದುಪಡಿಯೊಂದಿಗೇ ಓದಬೇಕು.

ಹಾಗಾದರೆ ಹೊಸದೇನು? ತುಳುನಾಡಿನಲ್ಲಿ ಒಬ್ಬನ ಗುರುತು ಒಂದೇ ಆಗಿರಲಿಲ್ಲ. ಮದುವೆಯ ಮಾತು ಬಂದಾಗ ಕೇಳುವುದು ಬಳಿ ಯಾವುದೆಂದು. ಆ ಬಳಿ ಅಳಿಯಸಂತಾನದ ಕಟ್ಟಿನಂತೆ ತಾಯಿಯ ಕಡೆಯಿಂದ ಬರುತ್ತದೆ. ಬಂಗೇರ, ಸಾಲಿಯಾನ್, ಕುಂದರ್ ಮುಂತಾದ ಬಳಿಗಳು ಬಿಲ್ಲವರಲ್ಲೂ ಇವೆ, ಮೊಗವೀರರಲ್ಲೂ ಇವೆ. ಅಂದರೆ ಬಳಿಯ ಲೆಕ್ಕ ಜಾತಿಯ ಗೆರೆಯನ್ನು ದಾಟಿ ನಿಲ್ಲುತ್ತದೆ. ಭೂಮಿಯ ಮಾತು ಬಂದರೆ ಯಾವ ಗುತ್ತಿನವರು, ಯಾರ ಒಕ್ಕಲು ಎಂಬ ಪ್ರಶ್ನೆ. ಭೂತಕೋಲದ ಅಂಗಳದಲ್ಲಿ ಹಕ್ಕು, ಬೂಳ್ಯದ ಸರದಿ. ಒಬ್ಬನೇ ಮನುಷ್ಯ ಒಂದು ಕಡೆ ಬಿರುವ, ಇನ್ನೊಂದು ಕಡೆ ಬೈದ್ಯ, ಗರಡಿಯಲ್ಲಿ ಪೂಜಾರಿ. ಕೇಳುವವರು ಯಾರು, ಯಾಕೆ ಕೇಳುತ್ತಾರೆ ಎಂಬುದರ ಮೇಲೆ ಉತ್ತರ ನಿಲ್ಲುತ್ತಿತ್ತು. ಗಣತಿಯ ನಮೂನೆಯಲ್ಲಿ ಅಂಥ ಉತ್ತರಕ್ಕೆ ಜಾಗವಿರಲಿಲ್ಲ.

ಮದ್ರಾಸು ಪ್ರಾಂತ್ಯದ 1871ರ ಗಣತಿಯ ಹೊಣೆ ಡಬ್ಲ್ಯು. ಆರ್. ಕಾರ್ನಿಶ್ ಎಂಬ ವೈದ್ಯಾಧಿಕಾರಿಯದು. ಶಾಸ್ತ್ರಗಳ ನಾಲ್ಕು ವರ್ಣಗಳನ್ನು ನಂಬಿ ಸಮಾಜವನ್ನು ವಿವರಿಸಲಾಗದು ಎಂಬ ಅನುಮಾನ ಆತನಿಗೇ ಇತ್ತು. ಆದರೂ ಕೋಷ್ಟಕ ಬೇಕಿತ್ತಲ್ಲ. ಪ್ರಾಂತ್ಯದ ಹಿಂದೂಗಳನ್ನೆಲ್ಲ 17 ದೊಡ್ಡ ಗುಂಪುಗಳಲ್ಲಿ ಕೂರಿಸಿದ. ಆ ಗುಂಪುಗಳ ಹೆಸರುಗಳಲ್ಲಿ ಬಹುಪಾಲು ತಮಿಳು ಸೀಮೆಯವು: ವೆಳ್ಳಾಲ, ಇಡೈಯರ್, ವಣ್ಣಿಯನ್, ಶಾನಾನ್. ಕಳ್ಳು ಇಳಿಸುವವರೆಲ್ಲ ಶಾನಾನ್ ಶೀರ್ಷಿಕೆಯಡಿ ಬಂದರು. ಹೀಗೆ ಮಂಗಳೂರಿನ ಬಿಲ್ಲವ, ತಾನು ಕಂಡು ಕೇಳದ ತಿರುನೆಲ್ವೇಲಿಯ ಜಾತಿಯೊಂದರ ನೆರೆಯವನಾದ. ಮೂರ್ತೆ ಮಾಡದೆ ಗೇಣಿಗೆ ಗದ್ದೆ ಮಾಡಿಕೊಂಡಿದ್ದ ಬಿಲ್ಲವರು ಆಗಲೂ ಬೇಕಾದಷ್ಟಿದ್ದರು. ಗುಂಪಿನ ಹೆಸರು ಕಸುಬಿನದಾದ್ದರಿಂದ ಅವರೂ ಕಾಗದದ ಮೇಲೆ ಕಳ್ಳಿನವರೇ. 1894ರ ಜಿಲ್ಲಾ ಮ್ಯಾನ್ಯುವಲ್ ಬಿಲ್ಲವರನ್ನು ಜಿಲ್ಲೆಯ ಅತಿ ದೊಡ್ಡ ಜಾತಿ, ಜನಸಂಖ್ಯೆಯ ಸುಮಾರು ಐದನೇ ಒಂದು ಪಾಲು ಎಂದಿತು. 1909ರಲ್ಲಿ ಎಡ್ಗರ್ ಥರ್ಸ್ಟನ್ ತನ್ನ ಏಳು ಸಂಪುಟಗಳ ಜಾತಿಕೋಶದಲ್ಲಿ ಅದನ್ನೇ ಎತ್ತಿಕೊಂಡ. ಗಣತಿಯಿಂದ ಮ್ಯಾನ್ಯುವಲ್ಲಿಗೆ, ಮ್ಯಾನ್ಯುವಲ್ಲಿನಿಂದ ಕೋಶಕ್ಕೆ ದಾಟಿದ ಮಾತು ಮೂರು ಬೇರೆ ಬೇರೆ ಆಧಾರಗಳಂತೆ ಕಾಣಿಸುತ್ತದೆ. ಈ ಕಾಲದ ಜಾತಿವಿವರಣೆ ಓದುವಾಗ ಮೊದಲು ಮಾಡಬೇಕಾದ ಕೆಲಸ ಇದೇ: ಒಂದು ವಾಕ್ಯವನ್ನು ಹಿಡಿದು ಅದು ಎಲ್ಲಿಂದ ಹೊರಟಿತೆಂದು ಹಿಂದಕ್ಕೆ ಹೋಗುವುದು.

ಬಲ್ಮಠದ ಮಿಷನ್ ಮನೆಗಳಲ್ಲಿ ತೊಡಕು ಬೇರೆ. ಇಲ್ಲಿ ಕ್ರೈಸ್ತರಾದವರಲ್ಲಿ ಬಿಲ್ಲವರೇ ಹೆಚ್ಚು. ಮಿಷನ್ ಅವರಿಗೆ ಕಳ್ಳಿನ ಕಸುಬು ಬಿಡಿಸಿತು, ಸಭೆಯೊಳಗೆ ಜಾತಿಗೆ ಜಾಗವಿಲ್ಲ ಎಂದಿತು, ಹೊಟ್ಟೆಪಾಡಿಗೆ ಮಗ್ಗ ಮತ್ತು ಹೆಂಚಿನ ಕಾರ್ಖಾನೆ ಕೊಟ್ಟಿತು. 1901ರ ನಮೂನೆಯಲ್ಲಿ ಹಿಂದೂ ಮತ್ತು ಜೈನರಿಗೆ ಜಾತಿ ಕೇಳಬೇಕು, ಉಳಿದವರಿಗೆ ಬುಡಕಟ್ಟು ಅಥವಾ ಜನಾಂಗ ಕೇಳಬೇಕು ಎಂದಿತ್ತು. ಒಬ್ಬ ನೇಕಾರನ ಮನೆಗೆ ಗಣತಿದಾರ ಬಂದನೆಂದು ಇಟ್ಟುಕೊಳ್ಳಿ. ಧರ್ಮ ಕ್ರೈಸ್ತ, ಭಾಷೆ ತುಳು, ಕಸುಬು ನೇಯ್ಗೆ; ಅಲ್ಲಿಯವರೆಗೆ ಸಲೀಸು. ಜನಾಂಗ? ಅಜ್ಜ ಬಿಲ್ಲವನಾಗಿದ್ದ, ಆದರೆ ಅದು ಹಿಂದೂ ಜಾತಿ. ಯುರೋಪಿಯನ್ನನಲ್ಲ, ಯುರೇಷಿಯನ್ ಅಲ್ಲ. ಉಳಿದದ್ದು ‘ನೇಟಿವ್ ಕ್ರಿಶ್ಚಿಯನ್’. ಧರ್ಮದ ಕಾಲಮಿನಲ್ಲಿ ಒಮ್ಮೆ ಹೇಳಿದ್ದೇ ಜನಾಂಗದ ಕಾಲಮಿನಲ್ಲಿ ಚರ್ಮದ ಬಣ್ಣ ಹಚ್ಚಿಕೊಂಡು ಮತ್ತೆ ಬಂತು. ಪಕ್ಕದ ಬೀದಿಯ ಕೊಂಕಣಿ ಕಥೋಲಿಕರದೂ ಅದೇ ಪಾಡು. ಅವರೊಳಗೆ ಬಾಮಣ್, ಚಾರೊಡಿ ಎಂಬ ಭೇದಗಳು ಮದುವೆ ಸಂಬಂಧವನ್ನು ಬಿಗಿಯಾಗಿ ನಿರ್ಧರಿಸುತ್ತಿದ್ದರೂ ಸರ್ಕಾರದ ಕೋಷ್ಟಕಕ್ಕೆ ಅವರೂ ಬಲ್ಮಠದವರೂ ಒಂದೇ. ಎರಡು ಸಭೆಗಳಿಗೂ ಪರಸ್ಪರ ಕೊಟ್ಟು ತರುವ ಸಂಬಂಧ ಇರಲಿಲ್ಲವೆಂಬುದು ಊರಿಗೆಲ್ಲ ಗೊತ್ತಿತ್ತು.

ಅದೇ 1901ರಲ್ಲಿ ಎಣಿಸುವ ಯಂತ್ರವೂ ಬದಲಾಯಿತು. ಹಿಂದೆ ಪಟ್ಟಿ ನೋಡಿ ಗೆರೆ ಎಳೆದು ಲೆಕ್ಕ ಕೂಡುತ್ತಿದ್ದರು. ಈಗ ಪ್ರತಿಯೊಬ್ಬ ಮನುಷ್ಯನಿಗೂ ಒಂದೊಂದು ಚೀಟಿ. ಧರ್ಮಕ್ಕೊಂದು ಬಣ್ಣದ ಕಾಗದ. ಗುಮಾಸ್ತರು ಚೀಟಿಗಳನ್ನು ಗೂಡುಗಳಲ್ಲಿ ಹಾಕಿ ವಿಂಗಡಿಸಬೇಕು. ಬೈದ್ಯ ಎಂದೋ ಪೂಜಾರಿ ಎಂದೋ ಬರೆದ ಚೀಟಿಯನ್ನು ಎರಡು ಗೂಡಿನಲ್ಲಿ ಅರ್ಧರ್ಧ ಇಡಲಾಗುವುದಿಲ್ಲ. ಯಾವ ಹೆಸರು ಯಾವುದರ ಉಪಜಾತಿ ಎಂದು ಮೇಲಿನಿಂದ ಬಂದ ಪಟ್ಟಿ ಹೇಳುತ್ತದೆ, ಗುಮಾಸ್ತ ಪಾಲಿಸುತ್ತಾನೆ. ಜಾತಿ ಗಟ್ಟಿಯಾದದ್ದು ದೊಡ್ಡ ಸಿದ್ಧಾಂತದಿಂದ ಎಷ್ಟೋ, ಈ ಗೂಡುಗಳಿಂದಲೂ ಅಷ್ಟೇ ಎಂದು ನನ್ನ ಅಭಿಪ್ರಾಯ.

ಸಿದ್ಧಾಂತ ಬಂದದ್ದು ಆ ವರ್ಷದ ಗಣತಿ ಆಯುಕ್ತ ಹರ್ಬರ್ಟ್ ರಿಸ್ಲಿಯಿಂದ. ಮೂಗಿನ ಅಗಲವನ್ನು ಅದರ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಸಂಖ್ಯೆಯನ್ನು ಆತ ಜನಾಂಗದ ಗುರುತೆಂದು ನಂಬಿದ್ದ. ತಲೆಬುರುಡೆಯ ಅಗಲ ಉದ್ದಗಳನ್ನೂ ಸೇರಿಸಿಕೊಂಡು ಭಾರತದ ಜನರನ್ನು ಏಳು ಬಗೆಗಳಾಗಿ ಹಂಚಿದ. ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ‘ದ್ರಾವಿಡ’ವನ್ನು ಭಾಷಾಕುಟುಂಬವೊಂದರ ಹೆಸರಾಗಿ ನೆಲೆಗೊಳಿಸಿದ್ದ, ತುಳುವನ್ನು ಅದರಲ್ಲಿ ಸೇರಿಸಿದ್ದ. ರಿಸ್ಲಿಯ ಕೈಯಲ್ಲಿ ಅದು ದೇಹದ ಹೆಸರಾಯಿತು. ಮದ್ರಾಸು ಪ್ರಾಂತ್ಯದಲ್ಲಿ ಅಳತೆಯ ಹೊಣೆ ವಸ್ತುಸಂಗ್ರಹಾಲಯದ ಮೇಲ್ವಿಚಾರಕನಾಗಿದ್ದ ಥರ್ಸ್ಟನ್ನನದು. ತುಳುನಾಡಿನವರೂ ಅವನ ಅಳತೆಕಡ್ಡಿಗೆ ಸಿಕ್ಕಿದರು.

ಈ ಅಳತೆ ಎಲ್ಲಿ ಮುರಿದುಬಿತ್ತೆಂಬುದನ್ನು ನೋಡಲು ಬಲ್ಮಠದಿಂದ ಬಹಳ ದೂರ ಹೋಗಬೇಕಿಲ್ಲ. ಕೊಡವರದು ದ್ರಾವಿಡ ಭಾಷೆಯೆಂದು ವ್ಯಾಕರಣಕಾರರು ಒಪ್ಪಿದ್ದರು. ಆದರೆ ಅವರ ತಲೆ ಅಗಲವೆಂಬ ಕಾರಣಕ್ಕೆ ರಿಸ್ಲಿ ಅವರನ್ನು ಮರಾಠಿ ಬ್ರಾಹ್ಮಣರು, ಕುಣಬಿಗಳ ಜೊತೆ ‘ಸಿಥೋ-ದ್ರಾವಿಡ’ ಬಗೆಗೆ ಹಾಕಿದ. ಮಧ್ಯ ಏಷ್ಯಾದ ಶಕರ ರಕ್ತ ಇವರಲ್ಲಿ ಬೆರೆತಿದೆ ಎಂಬ ಊಹೆ ಅದರ ಹಿಂದಿತ್ತು. ಘಟ್ಟದ ಕೆಳಗಿನ ತುಳುವರೋ ದಕ್ಷಿಣದವರೆಲ್ಲರ ಹಾಗೆ ಬರಿಯ ‘ದ್ರಾವಿಡ’. ಈಗ ಸುಳ್ಯವನ್ನು ತೆಗೆದುಕೊಳ್ಳಿ. 1834ರವರೆಗೆ ಅಮರಸುಳ್ಯ, ಪುತ್ತೂರು ಸೀಮೆಗಳು ಕೊಡಗಿನ ಅರಸರ ಕೈಯಲ್ಲಿದ್ದವು. ಆ ವರ್ಷ ಕಂಪನಿ ಸರ್ಕಾರ ಅವನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅರೆಭಾಷೆ ಆಡುವ ಗೌಡರು ಆ ಗಡಿಯ ಆಚೆಗೂ ಈಚೆಗೂ ಇದ್ದಾರೆ, ಸಂಬಂಧವನ್ನೂ ಬೆಳೆಸುತ್ತಾರೆ. ಕಲೆಕ್ಟರರ ಆಡಳಿತದ ಅನುಕೂಲಕ್ಕೆ ಎಳೆದ ಗೆರೆಯ ಎರಡು ಬದಿಗೆ ಎರಡು ಜನಾಂಗಗಳು ಎಂದಾಗ ಆ ಗೌಡರನ್ನು ಎಲ್ಲಿ ಇಡುವುದು? ರಿಸ್ಲಿಯ ಯೋಜನೆಯಲ್ಲಿ ಇದಕ್ಕೆ ಉತ್ತರವಿಲ್ಲ. ಭಾಷೆ ಒಂದು ಕಡೆ, ತಲೆಬುರುಡೆ ಇನ್ನೊಂದು ಕಡೆ ಎಳೆದಾಗ ಆತ ತಲೆಬುರುಡೆಯನ್ನು ನಂಬಿದ, ಹೆಸರನ್ನು ಮಾತ್ರ ಭಾಷೆಯಿಂದ ಎರವಲು ತಂದ. ಶಾಸ್ತ್ರವಾಗಿ ಇದು ನಿಲ್ಲಲಿಲ್ಲ, ಆಮೇಲಿನ ಮಾನವಶಾಸ್ತ್ರಜ್ಞರು ಕೈಬಿಟ್ಟರು.

ಹೆಸರು ಮಾತ್ರ ಹೋಗಲಿಲ್ಲ. ಅದನ್ನು ಎತ್ತಿಕೊಂಡವರು ಅಧಿಕಾರಿಗಳಲ್ಲ, ಅದರಡಿ ಎಣಿಸಲ್ಪಟ್ಟವರು. ದ್ರಾವಿಡರು ಇಲ್ಲಿಯ ಮೊದಲಿಗರು ಎಂಬ ಮಾತು ನಿಜವಾದರೆ ಅಸ್ಪೃಶ್ಯರೆನಿಸಿಕೊಂಡವರೇ ಈ ನೆಲದ ಮೊದಲ ಒಡೆಯರು ಎಂಬ ವಾದ ಮದ್ರಾಸಿನಲ್ಲಿ ಹುಟ್ಟಿತು. ಅಯೋತಿ ದಾಸರಂಥವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಇದನ್ನು ಕಟ್ಟಿದರು. 1922ರಲ್ಲಿ ಎಂ. ಸಿ. ರಾಜಾ ಅವರ ಪ್ರಯತ್ನದ ಫಲವಾಗಿ ಮದ್ರಾಸು ಸರ್ಕಾರ ದಾಖಲೆಗಳಲ್ಲಿ ಹಳೆಯ ಅವಮಾನದ ಹೆಸರುಗಳ ಬದಲು ‘ಆದಿ ದ್ರಾವಿಡ’ ಬಳಸಲು ಒಪ್ಪಿತು. ಮೈಸೂರು ಸಂಸ್ಥಾನದಲ್ಲಿ ಇದಕ್ಕೆ ಜೋಡಿಯಾಗಿ ‘ಆದಿ ಕರ್ನಾಟಕ’ ಬಂತು. ದಕ್ಷಿಣ ಕನ್ನಡ ಮದ್ರಾಸಿನದಾದ್ದರಿಂದ ಇಲ್ಲಿಗೆ ಬಂದದ್ದು ‘ಆದಿ ದ್ರಾವಿಡ’. ಬೈಗುಳವಾಗಿ ಬಳಕೆಯಾಗುತ್ತಿದ್ದ ಹೆಸರನ್ನು ಬಿಟ್ಟು ಇದನ್ನು ಹಿಡಿದವರ ಆಯ್ಕೆಯನ್ನು ತಪ್ಪೆನ್ನಲು ಯಾರಿಗೂ ಬಾಯಿಲ್ಲ. ವ್ಯಾಕರಣದಿಂದ ಹೊರಟು ಮೂಗಿನ ಅಳತೆಗೆ ಸಿಕ್ಕಿದ ಹೆಸರೊಂದು ಮರ್ಯಾದೆಯ ಹೆಸರಾಗಿ ತಿರುಗಿತು ಎಂಬುದೇ ಈ ಚರಿತ್ರೆಯ ಸ್ವಾರಸ್ಯ. ವಸಾಹತು ಗಣತಿಯನ್ನು ಬರೀ ಹೇರಿಕೆ ಎಂದು ಬರೆಯುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ.

ಆದರೆ 1936ರ ಪರಿಶಿಷ್ಟ ಜಾತಿ ಆದೇಶದಲ್ಲಿ ಆದಿ ದ್ರಾವಿಡ ಎಂಬುದು ಹೊಲೆಯ, ಬಾಕುಡ, ಮುಂಡಾಲ, ಮೊಗೇರ್ ಮುಂತಾದವುಗಳ ಸಾಲಿನಲ್ಲಿ ಮತ್ತೊಂದು ಜಾತಿಯಾಗಿ ಸೇರಿತು. ಹಲವು ಸಮುದಾಯಗಳನ್ನು ಒಟ್ಟಾಗಿ ಸೂಚಿಸುವ ಹೆಸರು, ಆ ಸಮುದಾಯಗಳ ಪಕ್ಕದಲ್ಲೇ ಅವುಗಳಲ್ಲೊಂದರಂತೆ ಕೂತಿತು. ಸ್ವಾತಂತ್ರ್ಯದ ಬಳಿಕದ ಪಟ್ಟಿಗಳೂ ಹಾಗೇ ಉಳಿಸಿಕೊಂಡವು. ಒಂದು ಜಿಲ್ಲೆಯಲ್ಲಿ ಹೊಲೆಯರು, ಇನ್ನೊಂದರಲ್ಲಿ ಮಾದಿಗರು ಒಂದೇ ‘ಆದಿ’ ಹೆಸರಿನ ಪ್ರಮಾಣಪತ್ರ ಪಡೆಯತೊಡಗಿದರು.

ಇದರ ಲೆಕ್ಕ ಚುಕ್ತಾ ಆಗಬೇಕಾಗಿ ಬಂದದ್ದು ಒಳಮೀಸಲಾತಿಯ ಕಾಲಕ್ಕೆ. ನ್ಯಾಯಮೂರ್ತಿ ಎಚ್. ಎನ್. ನಾಗಮೋಹನದಾಸ್ ಆಯೋಗ 2025ರ ಮೇ ತಿಂಗಳಲ್ಲಿ ಕರ್ನಾಟಕದ ಪರಿಶಿಷ್ಟ ಜಾತಿಗಳ ಸಮೀಕ್ಷೆ ಆರಂಭಿಸಿದಾಗ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂದವರನ್ನು ‘ಮೂಲ ಜಾತಿ ಯಾವುದು’ ಎಂದು ಮತ್ತೆ ಕೇಳಬೇಕಾಯಿತು. ಅಷ್ಟು ಕೇಳಿದ ಮೇಲೂ ಮೂಲ ಜಾತಿ ಹೇಳದೆ ಈ ಮೂರು ಹೆಸರುಗಳಲ್ಲೇ ಉಳಿದವರು 4.7 ಲಕ್ಷಕ್ಕೂ ಹೆಚ್ಚು. ಆಯೋಗ ಆಗಸ್ಟಿನಲ್ಲಿ ಕೊಟ್ಟ ವರದಿಯಲ್ಲಿ ಅವರಿಗೆಂದೇ ಪ್ರತ್ಯೇಕ ಪ್ರವರ್ಗ ಸೂಚಿಸಿತು. ಸಚಿವ ಸಂಪುಟ ಅದನ್ನು ಒಪ್ಪದೆ ಮೂರೇ ಪ್ರವರ್ಗಗಳನ್ನು ಉಳಿಸಿಕೊಂಡಿತು.